ಹನ್ನೊಂದು ಲಕ್ಷದ ಬ್ಯಾಂಕ್ ಗ್ಯಾರಂಟಿ, ಇಪ್ಪತ್ತು ದಿನದ ಗಡುವು: ಒಂದು ಪ್ರಕರಣ

ನಾನು ಹಾವೇರಿ ಕಡೆ ನಾಲ್ಕೈದು ಸಿವಿಲ್ ಗುತ್ತಿಗೆದಾರರ ಲೆಕ್ಕಪತ್ರ ಮತ್ತು ಬ್ಯಾಂಕ್ ಕೆಲಸ ನೋಡಿಕೊಳ್ಳುತ್ತೇನೆ. ಅವರಲ್ಲಿ ಒಬ್ಬರಿಗೆ 2024ರ ಜೂನ್‌ನಲ್ಲಿ ಒಂದು ವಿದ್ಯಾರ್ಥಿ ನಿಲಯದ ಕಟ್ಟಡದ ಟೆಂಡರ್ ಆಯಿತು. ಅದಕ್ಕೆ ಬ್ಯಾಂಕ್ ಗ್ಯಾರಂಟಿ, ಅಂದರೆ ಗುತ್ತಿಗೆದಾರ ತಪ್ಪಿದರೆ ಇಲಾಖೆಗೆ ಇಷ್ಟು ದುಡ್ಡು ನಾವು ಕೊಡುತ್ತೇವೆ ಎಂಬ ಬ್ಯಾಂಕಿನ ಬರಹ, ಮಾಡಿಸಿದ ಕಥೆ ಇದು. ಮೊತ್ತ, ದಿನಾಂಕ, ಯಾರ ಹೆಸರಿಗೆ ಎಂಬ ಮೂರು ವಿಷಯಗಳಲ್ಲೂ ನಾವು ಎಡವುವ ಹಂತಕ್ಕೆ ಹೋಗಿ ಬಂದೆವು, ಹಾಗಾಗಿ ಪೂರ್ತಿ ಬರೆದಿಡುತ್ತಿದ್ದೇನೆ. ಇಲಾಖೆ, ಬ್ಯಾಂಕ್, ಯಜಮಾನರು, ಯಾರ ಹೆಸರೂ ಇಲ್ಲಿ ಬೇಡ.

ಜೂನ್ 10, ಸೋಮವಾರ. ಟೆಂಡರ್ ಸ್ವೀಕೃತಿ ಪತ್ರ ಕೈಗೆ ಬಂತು. ಯಜಮಾನರು ಸಂಜೆ ಫೋನ್ ಮಾಡಿದರು. "1 ಕೋಟಿ 84 ಲಕ್ಷ 60 ಸಾವಿರಕ್ಕೆ ಕೆಲಸ ಆಗಿದೆ. ಐದು ಪರ್ಸೆಂಟ್ ಬಿ.ಜಿ. ಕೊಡಬೇಕು, 9 ಲಕ್ಷ 23 ಸಾವಿರ. ನಾಳೆ ಬ್ಯಾಂಕಿಗೆ ಒಂದು ಲೆಟರ್ ಹಾಕಿಬಿಡಿ" ಅಂದರು. ಪತ್ರದ ಎಲ್ಲಾ ಪುಟಗಳ ಫೋಟೊ ಕಳಿಸಿ ಸರ್, ನೋಡಿ ಬರೆಯುತ್ತೇನೆ ಅಂದೆ. ಎರಡನೇ ಪುಟದಲ್ಲಿ ವಿಷಯ ಬೇರೆಯೇ ಇತ್ತು. ನಮ್ಮ ದರಪಟ್ಟಿಯಲ್ಲಿ ಕೆಲವು ಐಟಂಗಳ ದರ ಇಲಾಖೆಯ ಅಂದಾಜಿಗಿಂತ ತುಂಬಾ ಹೆಚ್ಚಿದ್ದವು, ಕೆಲವು ತುಂಬಾ ಕಡಿಮೆ. ಇದಕ್ಕೆ ಟೆಂಡರ್ ಭಾಷೆಯಲ್ಲಿ ಅಸಮತೋಲಿತ ಟೆಂಡರ್ ಅನ್ನುತ್ತಾರೆ. ದುಬಾರಿ ಐಟಂ ಮುಗಿಸಿ ದುಡ್ಡು ತಗೊಂಡು, ಅಗ್ಗದ ಐಟಂ ಬಿಟ್ಟು ಹೋದರೆ ಇಲಾಖೆಗೆ ನಷ್ಟ ಅಲ್ವಾ, ಅದಕ್ಕೆ ಹೆಚ್ಚುವರಿ ಭದ್ರತೆ ಕೇಳುತ್ತಾರೆ. ನಮಗೆ ಕೇಳಿದ್ದು 2,10,000. ಅಂದರೆ 9,23,000 ಮತ್ತು 2,10,000 ಸೇರಿ ಒಟ್ಟು 11,33,000 ರೂಪಾಯಿ.

ಈ ಎರಡು ಲಕ್ಷ ಬಿಟ್ಟುಹೋಗಿದ್ದರೆ ಏನಾಗುತ್ತಿತ್ತು? ಬ್ಯಾಂಕ್ ನಾವು ಕೇಳಿದಷ್ಟಕ್ಕೆ ಗ್ಯಾರಂಟಿ ಕೊಡುತ್ತಿತ್ತು. ಇಲಾಖೆ ಅದನ್ನು ವಾಪಸ್ ಮಾಡುತ್ತಿತ್ತು. ಅಷ್ಟರಲ್ಲಿ ಗಡುವು ಮುಗಿದಿರುತ್ತಿತ್ತು. ಪತ್ರ ಸಿಕ್ಕ ದಿನದಿಂದ ಇಪ್ಪತ್ತು ದಿನದೊಳಗೆ ಭದ್ರತೆ ಕೊಡಬೇಕು ಅಂತ ನಮ್ಮ ಟೆಂಡರ್ ಪುಸ್ತಕ ಹೇಳುತ್ತದೆ. ಕೊಡದಿದ್ದರೆ ಟೆಂಡರ್ ರದ್ದು, ಟೆಂಡರ್ ಹಾಕುವಾಗ ಇಟ್ಟ ಠೇವಣಿ, ಅಂದರೆ ಇ.ಎಂ.ಡಿ., ಮುಟ್ಟುಗೋಲು. ಇಪ್ಪತ್ತನೇ ದಿನ ಅಂದರೆ ಜೂನ್ 30, ಅದು ಭಾನುವಾರ. ನಡುವೆ 17ಕ್ಕೆ ಬಕ್ರೀದ್, 22 ನಾಲ್ಕನೇ ಶನಿವಾರ. ನಿಜಕ್ಕೂ ಕೈಯಲ್ಲಿ ಇದ್ದದ್ದು ಹದಿನೈದು ಕೆಲಸದ ದಿನ.

ಯಜಮಾನರಿಗೆ ಮೊದಲು ಬಂದ ಯೋಚನೆ ಊರಿನ ಸಹಕಾರಿ ಬ್ಯಾಂಕ್. ಅಲ್ಲಿ ಪರಿಚಯ ಜಾಸ್ತಿ, ಬೇಗ ಆಗುತ್ತದೆ. ಆದರೆ ಟೆಂಡರ್ ಪುಸ್ತಕದಲ್ಲಿ ರಾಷ್ಟ್ರೀಕೃತ ಅಥವಾ ಶೆಡ್ಯೂಲ್ಡ್ ಬ್ಯಾಂಕಿನದ್ದೇ ಆಗಬೇಕು ಅಂತ ಇತ್ತು, ಆ ಸಹಕಾರಿ ಬ್ಯಾಂಕ್ ಶೆಡ್ಯೂಲ್ಡ್ ಅಲ್ಲ. ಆ ದಾರಿ ಅಲ್ಲಿಗೇ ಮುಚ್ಚಿತು. ಅವರ ಓ.ಡಿ. ಖಾತೆ ಇರುವ ರಾಷ್ಟ್ರೀಕೃತ ಬ್ಯಾಂಕಿಗೇ ಹೋಗುವುದು ಅಂತ ತೀರ್ಮಾನ ಮಾಡಿದೆವು.

12ನೇ ತಾರೀಕು ಶಾಖೆಗೆ ಹೋದಾಗ ಸಾಲ ವಿಭಾಗದ ಮೇಡಂ ಮೊದಲು ಕಂಪ್ಯೂಟರ್‌ನಲ್ಲಿ ಲಿಮಿಟ್ ನೋಡಿದರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಂಕ್ ಗ್ಯಾರಂಟಿ ಕೊಡುವಾಗ ಬ್ಯಾಂಕಿನಿಂದ ದುಡ್ಡು ಹೊರಗೆ ಹೋಗುವುದಿಲ್ಲ. ಆದರೆ ನಾಳೆ ಇಲಾಖೆ ಕೇಳಿದರೆ ಬ್ಯಾಂಕ್ ಕೊಡಲೇಬೇಕು, ಆಮೇಲೆ ನಮ್ಮಿಂದ ವಸೂಲಿ ಮಾಡಬೇಕು. ಹಾಗಾಗಿ ಸಾಲ ಕೊಟ್ಟಷ್ಟೇ ಎಚ್ಚರಿಕೆಯಿಂದ ನೋಡುತ್ತಾರೆ. ಪ್ರತಿ ಗಿರಾಕಿಗೆ ಇಷ್ಟರವರೆಗೆ ಗ್ಯಾರಂಟಿ ಕೊಡಬಹುದು ಅಂತ ಒಂದು ಲಿಮಿಟ್ ಮಂಜೂರು ಮಾಡಿರುತ್ತಾರೆ. ಆ ಲಿಮಿಟ್ ಇಲ್ಲದವರು ಪೂರ್ತಿ ಮೊತ್ತಕ್ಕೆ ಎಫ್.ಡಿ. ಇಟ್ಟು ಮಾಡಿಸಬೇಕಾಗುತ್ತದೆ. ನಮ್ಮವರಿಗೆ 25 ಲಕ್ಷದ ಲಿಮಿಟ್ ಇತ್ತು, ಮಾರ್ಜಿನ್ 15 ಪರ್ಸೆಂಟ್. ಅಂದರೆ ಗ್ಯಾರಂಟಿ ಮೊತ್ತದ 15 ಪರ್ಸೆಂಟ್‌ನಷ್ಟು ಎಫ್.ಡಿ. ಇಡಬೇಕು, ಉಳಿದದ್ದಕ್ಕೆ ಮೊದಲೇ ಅಡ ಇಟ್ಟ ಆಸ್ತಿ ಆಧಾರ.

ಮೇಡಂ ಹೇಳಿದರು: "ಸರ್, ನಿಮ್ಮ ಹಳೇ ಗ್ಯಾರಂಟಿಗಳೇ 15 ಲಕ್ಷ 40 ಸಾವಿರ ನಡೀತಾ ಇವೆ. ಉಳಿದಿರೋದು 9 ಲಕ್ಷ 60 ಸಾವಿರ."

9,23,000 ಆಗಿದ್ದರೆ ಸರಿಯಾಗಿ ಹಿಡಿಸುತ್ತಿತ್ತು. 11,33,000ಕ್ಕೆ 1,73,000 ಕಡಿಮೆ ಬಿತ್ತು. ಲಿಮಿಟ್ ಹೆಚ್ಚಿಸಲು ಹೊಸ ಪ್ರಸ್ತಾವ, ಆಡಿಟ್ ಆದ ಲೆಕ್ಕ, ಪ್ರಾದೇಶಿಕ ಕಚೇರಿಯ ಮಂಜೂರಾತಿ ಎಲ್ಲಾ ಬೇಕು. ಹದಿನೈದು ದಿನದಲ್ಲಿ ಆಗುವ ಮಾತಲ್ಲ.

ನಡೆಯುತ್ತಿರುವ ಗ್ಯಾರಂಟಿಗಳ ಪಟ್ಟಿ ಕೊಡಿ ಅಂತ ಕೇಳಿದೆ. ಐದು ಇದ್ದವು. ಅದರಲ್ಲಿ ಒಂದು 3,20,000ದ್ದು, ಹಳೇ ರಸ್ತೆ ಕೆಲಸದ್ದು. ಆ ಕೆಲಸದಲ್ಲಿ ದೋಷ ಕಂಡರೆ ಸರಿ ಮಾಡಿಕೊಡಬೇಕಾದ ಹೊಣೆ ಅವಧಿ ಫೆಬ್ರವರಿಯಲ್ಲೇ ಮುಗಿದಿತ್ತು. ಆದರೂ ಬ್ಯಾಂಕಿನ ಪುಸ್ತಕದಲ್ಲಿ ಅದು ಜೀವಂತ. ಯಾಕೆಂದರೆ ಮೂಲ ಪ್ರತಿ ಇನ್ನೂ ಇಲಾಖೆಯ ಕಪಾಟಿನಲ್ಲಿತ್ತು ಮತ್ತು ಇಲಾಖೆ ಬ್ಯಾಂಕಿಗೆ ಬರೆದು ದುಡ್ಡು ಕೇಳಬಹುದಾದ ಕ್ಲೇಮ್ ಅವಧಿ ಮುಗಿದಿರಲಿಲ್ಲ. ಮೂಲ ಪ್ರತಿ ವಾಪಸ್ ಬರಬೇಕು, ಇಲ್ಲವಾದರೆ ನಮ್ಮ ಹಕ್ಕು ಏನೂ ಉಳಿದಿಲ್ಲ ಎಂದು ಇಲಾಖೆ ಪತ್ರ ಕೊಡಬೇಕು, ಅಲ್ಲಿಯವರೆಗೆ ಬ್ಯಾಂಕ್ ತನ್ನ ಹೊಣೆ ಮುಗಿಯಿತು ಅಂತ ಬರೆದುಕೊಳ್ಳುವುದಿಲ್ಲ. ಗುತ್ತಿಗೆದಾರರು ಇದನ್ನು ಕೇಳಿ ತರುವುದೇ ಇಲ್ಲ. ಬಿಲ್ ಬಂತು, ಕೆಲಸ ಮುಗೀತು ಅಂತ ಸುಮ್ನೆ ಇದ್ದುಬಿಡುತ್ತಾರೆ. ಇತ್ತ ಲಿಮಿಟ್ ಹಿಡಿದಿರುತ್ತದೆ, ಮಾರ್ಜಿನ್ ಎಫ್.ಡಿ. ಹಿಡಿದಿರುತ್ತದೆ.

13ರಂದು ಆ ರಸ್ತೆ ಕೆಲಸ ಮಾಡಿಸಿದ ವಿಭಾಗಕ್ಕೆ ಅರ್ಜಿ ಕೊಟ್ಟೆವು, ಕೆಲಸ ಮುಗಿದ ಪ್ರಮಾಣಪತ್ರದ ನಕಲು ಲಗತ್ತಿಸಿ. 19ರಂದು ಮೂಲ ಗ್ಯಾರಂಟಿ ಮತ್ತು ಬಿಡುಗಡೆ ಪತ್ರ ಕೈಗೆ ಬಂತು. ಬ್ಯಾಂಕಿಗೆ ಕೊಟ್ಟ ದಿನವೇ 3,20,000 ಖಾಲಿಯಾಗಿ ಲಿಮಿಟ್‌ನಲ್ಲಿ 12,80,000 ಜಾಗ ಆಯಿತು. ಅದರ ಮಾರ್ಜಿನ್ 48,000 ಕೂಡ ಬಿಡುಗಡೆ ಆಗಿ ಹೊಸ ಮಾರ್ಜಿನ್‌ಗೆ ಸೇರಿತು.

ಈ ಓಡಾಟ ನಡೆಯುವಾಗಲೇ ದಿನಾಂಕದ ಲೆಕ್ಕಕ್ಕೆ ಕೂತೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ ಜಾಗ ಇದೇ.

ಟೆಂಡರ್ ಪುಸ್ತಕದ ಕೊನೆಯಲ್ಲಿ ಗ್ಯಾರಂಟಿಯ ನಮೂನೆ ಕೊಟ್ಟಿರುತ್ತಾರೆ. ಅದರಲ್ಲಿ "ದೋಷ ಹೊಣೆ ಅವಧಿ ಮುಗಿದು 30 ದಿನದವರೆಗೆ ಈ ಗ್ಯಾರಂಟಿ ಊರ್ಜಿತ" ಎಂಬರ್ಥದ ಸಾಲು ಇತ್ತು. ತಾರೀಕು ಇಲ್ಲ. ಬ್ಯಾಂಕಿನವರು ತಾರೀಕು ಇಲ್ಲದ ಗ್ಯಾರಂಟಿ ಕೊಡುವುದಿಲ್ಲ, ಅವರ ಸಿಸ್ಟಮ್‌ನಲ್ಲಿ ಮುಕ್ತಾಯದ ದಿನ ತುಂಬದೆ ಮುಂದಕ್ಕೆ ಹೋಗುವುದೇ ಇಲ್ಲ. ಹಾಗಾದರೆ ತಾರೀಕು ನಾವೇ ಲೆಕ್ಕ ಹಾಕಿ ಕೊಡಬೇಕು. ಆದರೆ ಕರಾರು ಇನ್ನೂ ಸಹಿ ಆಗಿಲ್ಲ, ಗ್ಯಾರಂಟಿ ಕೊಟ್ಟ ಮೇಲೇ ಕರಾರು. ಕೆಲಸ ಯಾವತ್ತು ಶುರು ಅಂತ ಖಚಿತವಾಗಿ ಯಾರಿಗೂ ಗೊತ್ತಿರುವುದಿಲ್ಲ.

ವಿಭಾಗ ಕಚೇರಿಯಲ್ಲಿ ವಿಚಾರಿಸಿದೆ. ಜುಲೈ 1ಕ್ಕೆ ಕಾರ್ಯಾದೇಶ ಅಂತ ಇಟ್ಟುಕೊಳ್ಳಿ ಅಂದರು. ಕೆಲಸದ ಅವಧಿ ಒಂಬತ್ತು ತಿಂಗಳು, ಮಳೆಗಾಲ ಸೇರಿ. ಈ "ಮಳೆಗಾಲ ಸೇರಿ" ಅನ್ನುವ ಎರಡು ಪದ ನೋಡಲೇಬೇಕು. "ಮಳೆಗಾಲ ಬಿಟ್ಟು" ಅಂತಿದ್ದರೆ ಮಳೆಯ ತಿಂಗಳುಗಳು ಲೆಕ್ಕಕ್ಕೆ ಬರದೆ ಮುಕ್ತಾಯದ ದಿನ ಅಷ್ಟು ಮುಂದೆ ಹೋಗುತ್ತದೆ. ನಮ್ಮದಕ್ಕೆ 2024ರ ಜುಲೈ 1ರಿಂದ ಒಂಬತ್ತು ತಿಂಗಳು ಅಂದರೆ 2025ರ ಮಾರ್ಚ್ 31. ಅಲ್ಲಿಂದ ದೋಷ ಹೊಣೆ ಅವಧಿ 24 ತಿಂಗಳು, 2027ರ ಮಾರ್ಚ್ 31. ಅದರ ಮೇಲೆ 30 ದಿನ, 2027ರ ಏಪ್ರಿಲ್ 30. ಗ್ಯಾರಂಟಿಯ ಊರ್ಜಿತ ಅವಧಿ ಇದು.

ಯಜಮಾನರಿಗೆ ಇದು ಆಶ್ಚರ್ಯ. ಒಂಬತ್ತು ತಿಂಗಳ ಕೆಲಸಕ್ಕೆ ಮೂರು ವರ್ಷ ಹತ್ತಿರ ಗ್ಯಾರಂಟಿನಾ ಅಂತ ಕೇಳಿದರು. ಕಟ್ಟಡ ಸೋರಿದರೆ, ಗೋಡೆ ಬಿರುಕು ಬಿಟ್ಟರೆ ಎರಡು ವರ್ಷ ಸರಿ ಮಾಡಿಕೊಡುವ ಹೊಣೆ ನಿಮ್ಮದೇ ಅಲ್ವಾ ಸರ್, ಆ ಹೊಣೆಗೂ ಇದೇ ಭದ್ರತೆ ಅಂದೆ.

ಆಮೇಲೆ ಕ್ಲೇಮ್ ಅವಧಿ. ಊರ್ಜಿತ ಅವಧಿ ಮುಗಿದ ಮೇಲೂ, ಆ ಅವಧಿಯೊಳಗೆ ನಡೆದ ತಪ್ಪಿಗೆ ಇಲಾಖೆ ಬ್ಯಾಂಕಿಗೆ ಪತ್ರ ಬರೆದು ದುಡ್ಡು ಕೇಳಲು ಇರುವ ಹೆಚ್ಚುವರಿ ಸಮಯ ಅದು. ನಮ್ಮ ಬ್ಯಾಂಕ್ ಇದಕ್ಕೆ ಹನ್ನೆರಡು ತಿಂಗಳು ಇರಲೇಬೇಕು ಅಂತ ಪಟ್ಟು ಹಿಡಿಯಿತು. ಇಲಾಖೆ ಕೇಳಿಯೇ ಇಲ್ಲ, ನೀವ್ಯಾಕೆ ಒಂದು ವರ್ಷ ಜಾಸ್ತಿ ಹಾಕುತ್ತೀರಿ ಅಂತ ಯಜಮಾನರು ಕೇಳಿದ್ದು ನ್ಯಾಯವೇ. ಕಾರಣ ಕಾನೂನಿನಲ್ಲಿದೆ. ಕಾಲಮಿತಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ದಾವೆ ಹೂಡಲು 30 ವರ್ಷ ಸಮಯ ಇದೆ. ಅಷ್ಟು ವರ್ಷ ತಲೆ ಮೇಲೆ ಕತ್ತಿ ಇಟ್ಟುಕೊಳ್ಳಲು ಯಾವ ಬ್ಯಾಂಕಿಗೂ ಇಷ್ಟವಿಲ್ಲ. ಭಾರತೀಯ ಕರಾರು ಕಾಯ್ದೆಯ 28ನೇ ಕಲಮಿಗೆ ಮಾಡಿದ, 2013ರಿಂದ ಜಾರಿಗೆ ಬಂದ ತಿದ್ದುಪಡಿ ಬ್ಯಾಂಕುಗಳಿಗೆ ಒಂದು ದಾರಿ ಕೊಟ್ಟಿತು. ಗ್ಯಾರಂಟಿ ಪತ್ರದಲ್ಲೇ ಒಂದು ಅವಧಿ ಬರೆದು, ಅದು ಮುಗಿದ ಮೇಲೆ ಹಕ್ಕು ಇಲ್ಲ ಅನ್ನಬಹುದು, ಆದರೆ ಆ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇರಬಾರದು. ಬ್ಯಾಂಕುಗಳು ಇದನ್ನು ಕ್ಲೇಮ್ ಅವಧಿಗೆ ಅನ್ವಯಿಸಿಕೊಂಡವು. ದೆಹಲಿ ಹೈಕೋರ್ಟ್ 2021ರಲ್ಲಿ ಹೇಳಿದ್ದು ಬೇರೆ: ಆ ಒಂದು ವರ್ಷ ಕೋರ್ಟಿಗೆ ಹೋಗಿ ಹಕ್ಕು ಜಾರಿ ಮಾಡಿಸುವ ಅವಧಿಗೆ ಸಂಬಂಧಿಸಿದ್ದು, ಬ್ಯಾಂಕಿಗೆ ಬೇಡಿಕೆ ಪತ್ರ ಕೊಡುವ ಕ್ಲೇಮ್ ಅವಧಿಗೆ ಅಲ್ಲ, ಹಾಗಾಗಿ ಹನ್ನೆರಡು ತಿಂಗಳ ಕ್ಲೇಮ್ ಅವಧಿಗೆ ಬ್ಯಾಂಕ್ ಹಟ ಮಾಡಬೇಕಾಗಿಲ್ಲ.

ಇದನ್ನು ನಾನು ಮ್ಯಾನೇಜರ್ ಮುಂದೆ ಇಟ್ಟೆ. ಅವರು ತಾಳ್ಮೆಯಿಂದ ಕೇಳಿದರು. "ನಮ್ಮ ಮುಖ್ಯ ಕಚೇರಿಯ ಸುತ್ತೋಲೆ ಬದಲಾಗುವವರೆಗೆ ನನ್ನ ಕೈ ಕಟ್ಟಿದೆ" ಅಂದರು. ಜಗಳ ಆಡುವಷ್ಟು ದಿನ ಇರಲಿಲ್ಲ. ಕ್ಲೇಮ್ ಅವಧಿ 2028ರ ಏಪ್ರಿಲ್ 30 ಅಂತ ಒಪ್ಪಿಕೊಂಡೆವು.

ಇದರ ಖರ್ಚು ಎಷ್ಟು? ನಮ್ಮ ಮಂಜೂರಾತಿ ಪತ್ರದಲ್ಲಿ ಕಮಿಷನ್ ವರ್ಷಕ್ಕೆ 1.8 ಪರ್ಸೆಂಟ್, ಮೂರು ತಿಂಗಳ ಲೆಕ್ಕದಲ್ಲಿ, ಮುರಿದ ಮೂರು ತಿಂಗಳೂ ಪೂರ್ತಿ ಅಂತ. 11,33,000ಕ್ಕೆ ವರ್ಷಕ್ಕೆ 20,394. ಏಪ್ರಿಲ್ 2027ರವರೆಗೆ ಹನ್ನೆರಡು ತ್ರೈಮಾಸಿಕ, ಅಂದರೆ ಮೂರು ವರ್ಷದ್ದು 61,182. ಕ್ಲೇಮ್ ವರ್ಷಕ್ಕೆ ಮತ್ತೆ 20,394. ಎಲ್ಲಕ್ಕೂ 18 ಪರ್ಸೆಂಟ್ ಜಿ.ಎಸ್.ಟಿ. ಕ್ಲೇಮ್ ವರ್ಷ ಒಂದಕ್ಕೇ ತೆರಿಗೆ ಸೇರಿ ಸುಮಾರು 24,065 ರೂಪಾಯಿ ಹೆಚ್ಚು ಬಿತ್ತು. ಅದಕ್ಕೆ ನಾನು ಒಂದು ಮಾತು ಬರೆಯಿಸಿಕೊಂಡೆ: ಮೂಲ ಪ್ರತಿ ಬೇಗ ವಾಪಸ್ ಬಂದರೆ, ಆ ದಿನದ ನಂತರದ ಪೂರ್ಣ ತ್ರೈಮಾಸಿಕಗಳ ಕಮಿಷನ್ ಹಿಂತಿರುಗಿಸಬೇಕು. ಮ್ಯಾನೇಜರ್ ಒಪ್ಪಿ ಟಿಪ್ಪಣಿ ಹಾಕಿದರು. ಕೇಳದೇ ಇದ್ದಿದ್ದರೆ ಅವರಾಗಿ ಕೊಡುತ್ತಿರಲಿಲ್ಲ. ಟೆಂಡರ್‌ಗೆ ದರ ಹಾಕುವಾಗ ಈ ಕಮಿಷನ್ ಅನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ನಮ್ಮ ಯಜಮಾನರೂ ತಂದಿರಲಿಲ್ಲ.

ಈಗ ಮೂರನೆಯದು, ಯಾರ ಹೆಸರಿಗೆ. ಇಲ್ಲಿ ತಪ್ಪು ನಮ್ಮ ಕಡೆಯಿಂದಲೇ ಶುರುವಾಗುತ್ತಿತ್ತು. ಯಜಮಾನರು ದಿನನಿತ್ಯ ವ್ಯವಹರಿಸುವುದು ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್, ಅಂದರೆ ಎ.ಇ.ಇ. ಅವರ ಜೊತೆ. ನಿವೇಶನ ತೋರಿಸಿದ್ದು ಅವರೇ, ಫೋನ್ ಮಾಡುವುದು ಅವರೇ. ಹಳೇ ಗ್ಯಾರಂಟಿಯೊಂದು ಸಹ ಎ.ಇ.ಇ. ಹೆಸರಿಗೇ ಇತ್ತು, ಅದು ಸಣ್ಣ ಕೆಲಸ. ಬ್ಯಾಂಕಿನ ಗುಮಾಸ್ತರು ಆ ಹಳೇ ಕಡತ ತೆಗೆದು ಹಾಗೇ ಟೈಪ್ ಮಾಡಿದ್ದರು. ಆದರೆ ಈ ಕೆಲಸಕ್ಕೆ ಸ್ವೀಕೃತಿ ಪತ್ರಕ್ಕೆ ಸಹಿ ಹಾಕಿದ್ದು, ಕರಾರಿಗೆ ಸಹಿ ಹಾಕುವುದು ವಿಭಾಗದ ಕಾರ್ಯಪಾಲಕ ಇಂಜಿನಿಯರ್. ಗ್ಯಾರಂಟಿಯ ಫಲಾನುಭವಿ ಅವರೇ ಆಗಬೇಕು, ಅದೂ ಹುದ್ದೆಯ ಹೆಸರಿನಲ್ಲಿ. ವ್ಯಕ್ತಿಯ ಹೆಸರು ಹಾಕಬಾರದು. ವರ್ಗಾವಣೆ ಆದ ಮೇಲೆ ಆ ಹೆಸರಿನ ಅಧಿಕಾರಿ ಅಲ್ಲಿ ಇರುವುದಿಲ್ಲ.

ನಮ್ಮ ಹೆಸರಿನದ್ದೂ ಒಂದು ಸಣ್ಣ ಪೇಚು. ಟೆಂಡರ್ ಹಾಕಿದ್ದು ಸಂಸ್ಥೆಯ ಹೆಸರಿನಲ್ಲಿ, ಬ್ಯಾಂಕ್ ಖಾತೆಯಲ್ಲಿ ಅದೇ ಹೆಸರಿನ ಮುಂದೆ ಯಜಮಾನರ ಹೆಸರು ಪ್ರೊಪ್ರೈಟರ್ ಅಂತ. ಎರಡನ್ನೂ ಸೇರಿಸಿ ಸ್ವೀಕೃತಿ ಪತ್ರದಲ್ಲಿ ಇರುವ ಹಾಗೇ ಬರೆಯಿಸಿದೆವು.

14ರಂದು ಬ್ಯಾಂಕಿಗೆ ಕೊಟ್ಟ ಪತ್ರ ಹೀಗಿತ್ತು. ಹೆಸರು, ಸಂಖ್ಯೆ ತೆಗೆದು ಕೊಡುತ್ತಿದ್ದೇನೆ.

"ಗೆ, ಶಾಖಾ ವ್ಯವಸ್ಥಾಪಕರು. ಮಾನ್ಯರೇ,

ವಿಷಯ: ನಮ್ಮ ಗ್ಯಾರಂಟಿ ಲಿಮಿಟ್‌ನಡಿ 11,33,000 ರೂಪಾಯಿಯ ಪರ್ಫಾರ್ಮೆನ್ಸ್ ಗ್ಯಾರಂಟಿ ನೀಡುವ ಕುರಿತು.

ವಿದ್ಯಾರ್ಥಿ ನಿಲಯ ಕಟ್ಟಡ ನಿರ್ಮಾಣ ಕಾಮಗಾರಿಯ ನಮ್ಮ ಟೆಂಡರ್ ಅಂಗೀಕಾರವಾಗಿದೆ. ಸ್ವೀಕೃತಿ ಪತ್ರದ ದಿನಾಂಕ 10-06-2024, ಗುತ್ತಿಗೆ ಮೊತ್ತ 1,84,60,000 ರೂಪಾಯಿ. ಈ ಕಾಮಗಾರಿಗೆ ಕೆಳಗಿನ ವಿವರದಂತೆ ಗ್ಯಾರಂಟಿ ನೀಡಬೇಕೆಂದು ಕೋರುತ್ತೇವೆ.

ಫಲಾನುಭವಿ: ಕಾರ್ಯಪಾಲಕ ಇಂಜಿನಿಯರ್, ಸ್ವೀಕೃತಿ ಪತ್ರದಲ್ಲಿರುವ ವಿಭಾಗ ಮತ್ತು ಪೂರ್ಣ ವಿಳಾಸದಂತೆ.
ಮೊತ್ತ: 11,33,000 ರೂಪಾಯಿ (ಹನ್ನೊಂದು ಲಕ್ಷದ ಮೂವತ್ತಮೂರು ಸಾವಿರ ಮಾತ್ರ). ಇದರಲ್ಲಿ ಶೇ. 5ರ ಭದ್ರತೆ 9,23,000, ಹೆಚ್ಚುವರಿ ಭದ್ರತೆ 2,10,000.
ಊರ್ಜಿತ ಅವಧಿ: 30-04-2027ರವರೆಗೆ.
ಕ್ಲೇಮ್ ಅವಧಿ: 30-04-2028ರವರೆಗೆ.
ನಮೂನೆ: ಟೆಂಡರ್ ದಾಖಲೆಯಲ್ಲಿರುವಂತೆ, ಪ್ರತಿ ಲಗತ್ತಿಸಿದೆ.
ಫಲಾನುಭವಿಯ ಬ್ಯಾಂಕ್ ಶಾಖೆ ಮತ್ತು ಐಎಫ್‌ಎಸ್‌ಸಿ: ಇಲಾಖೆಯ ಪತ್ರದಂತೆ.

ಮಾರ್ಜಿನ್‌ಗಾಗಿ 1,70,000 ರೂಪಾಯಿಯ ಎಫ್.ಡಿ. ಮಾಡಿ ಅದರ ಮೇಲೆ ಲೀನ್ ಗುರುತಿಸಲು, ಕಮಿಷನ್ ಮತ್ತು ಸ್ಟ್ಯಾಂಪ್ ಶುಲ್ಕವನ್ನು ನಮ್ಮ ಓ.ಡಿ. ಖಾತೆಗೆ ಖರ್ಚು ಹಾಕಲು ಒಪ್ಪಿಗೆ ಇದೆ. ಕೌಂಟರ್ ಗ್ಯಾರಂಟಿ ಸಹಿ ಮಾಡಿ ಕೊಡುತ್ತೇವೆ. ಸ್ಟ್ಯಾಂಪ್ ಮೇಲೆ ಮುದ್ರಿಸುವ ಮೊದಲು ಕರಡು ಪ್ರತಿಯನ್ನು ನಮಗೆ ಕೊಡಬೇಕು, ಫಲಾನುಭವಿಯ ಒಪ್ಪಿಗೆ ಪಡೆದು ಹಿಂತಿರುಗಿಸುತ್ತೇವೆ. ಇಲಾಖೆಗೆ 28-06-2024ರೊಳಗೆ ಸಲ್ಲಿಸಬೇಕಿದೆ."

ಜೊತೆಗೆ ಸ್ವೀಕೃತಿ ಪತ್ರ, ಟೆಂಡರ್ ಪುಸ್ತಕದ ಭದ್ರತೆಯ ಕಲಮು, ನಮೂನೆ ಇಷ್ಟನ್ನೂ ಲಗತ್ತಿಸಿದೆವು. ಕೌಂಟರ್ ಗ್ಯಾರಂಟಿ ಅಂದರೆ ಬ್ಯಾಂಕ್ ಇಲಾಖೆಗೆ ಕೊಟ್ಟ ದುಡ್ಡನ್ನು ನಾವು ಬ್ಯಾಂಕಿಗೆ ಮರಳಿ ಕಟ್ಟುತ್ತೇವೆ ಎಂಬ ಬರಹ. ಅದನ್ನು ಓದದೇ ಸಹಿ ಹಾಕುವವರೇ ಜಾಸ್ತಿ. ಇಲಾಖೆ ಕೇಳಿದ್ದು ಸರಿಯೋ ತಪ್ಪೋ ಅಂತ ಬ್ಯಾಂಕ್ ವಿಚಾರಿಸುವುದಿಲ್ಲ, ಕೇಳಿದ ಕೂಡಲೇ ಕೊಡುತ್ತದೆ, ಆಮೇಲೆ ನಮ್ಮ ಖಾತೆಗೆ ಖರ್ಚು ಹಾಕುತ್ತದೆ ಎಂಬುದು ಅದರಲ್ಲೇ ಬರೆದಿರುತ್ತದೆ.

ಕರಡು ಬಂದಾಗ ಎ.ಇ.ಇ. ಹೆಸರಿನ ತಪ್ಪು ಕಣ್ಣಿಗೆ ಬಿತ್ತು. ಅದನ್ನು ತಿದ್ದಿಸಿದ ಮೇಲೂ ಒಂದು ತೊಡಕು ಉಳಿಯಿತು. ಇಲಾಖೆಯ ನಮೂನೆಯನ್ನು ಅಕ್ಷರ ಬದಲಿಸದೆ ಕೊಡಬೇಕು ಅಂತ ಟೆಂಡರ್ ಹೇಳುತ್ತದೆ. ಬ್ಯಾಂಕು ಯಾವ ನಮೂನೆಯೇ ಆಗಲಿ, ಕೊನೆಯಲ್ಲಿ ತನ್ನ ಒಂದು ಪ್ಯಾರಾ ಸೇರಿಸಿಯೇ ಸೇರಿಸುತ್ತದೆ. "ಮೇಲೆ ಏನೇ ಹೇಳಿದ್ದರೂ" ಅಂತ ಶುರುವಾಗಿ, ನಮ್ಮ ಹೊಣೆ ಇಂತಿಷ್ಟು ಮೊತ್ತ ಮೀರುವುದಿಲ್ಲ, ಗ್ಯಾರಂಟಿ ಇಂಥ ದಿನದವರೆಗೆ ಊರ್ಜಿತ, ಇಂಥ ದಿನದೊಳಗೆ ಲಿಖಿತ ಬೇಡಿಕೆ ನಮ್ಮ ಶಾಖೆಗೆ ತಲುಪಿದರೆ ಮಾತ್ರ ಕೊಡುತ್ತೇವೆ ಎಂದು ಹೇಳುವ ಪ್ಯಾರಾ. ಬ್ಯಾಂಕಿಗೆ ಇದು ಉಸಿರಿನಷ್ಟು ಮುಖ್ಯ, ಇದಿಲ್ಲದೆ ಅಧಿಕಾರಿಗಳು ಸಹಿ ಹಾಕುವುದಿಲ್ಲ. ಇಲಾಖೆಯ ಲೆಕ್ಕ ಶಾಖೆಗೆ ಇದು ನಮೂನೆಯಲ್ಲಿ ಇಲ್ಲದ ಷರತ್ತು.

ಇದಕ್ಕಾಗಿಯೇ ಕರಡನ್ನು ಮೊದಲು ಇಲಾಖೆಗೆ ತೋರಿಸುವುದು. 20ರಂದು ಕರಡು ಹಿಡಿದುಕೊಂಡು ವಿಭಾಗ ಕಚೇರಿಗೆ ಹೋದೆ. ಅಲ್ಲಿನ ಲೆಕ್ಕ ಅಧೀಕ್ಷಕರು ಆ ಪ್ಯಾರಾ ನೋಡಿ, "ಇದೇನ್ರೀ, ನಮ್ಮ ನಮೂನೆಯಲ್ಲಿ ಇಲ್ವಲ್ಲ" ಅಂದರು. ಸರ್, ಇದು ನಿಮ್ಮ ಹಕ್ಕನ್ನು ಕಡಿಮೆ ಮಾಡುವುದಿಲ್ಲ, ಮೇಲೆ ಬರೆದ ಮೊತ್ತ ಮತ್ತು ದಿನಾಂಕವನ್ನೇ ಮತ್ತೆ ಹೇಳುತ್ತದೆ, ನೀವು ಕೇಳಿದ 30 ದಿನವೂ ಇದರಲ್ಲಿದೆ, ಮೇಲೆ ಒಂದು ವರ್ಷ ಕ್ಲೇಮ್‌ಗೆ ಜಾಸ್ತಿಯೇ ಸಿಗುತ್ತಿದೆ ಅಂತ ವಿವರಿಸಿದೆ. ಕಾಮಗಾರಿ ವಿಸ್ತರಣೆಯಾದರೆ ಗ್ಯಾರಂಟಿಯನ್ನೂ ವಿಸ್ತರಿಸಿ ಕೊಡುತ್ತೇವೆ ಎಂಬ ಒಂದು ಮುಚ್ಚಳಿಕೆ ಯಜಮಾನರಿಂದ ಬರೆಸಿಕೊಂಡು, 21ರಂದು ಕಾರ್ಯಪಾಲಕ ಇಂಜಿನಿಯರ್ ಕರಡಿನ ಮೇಲೆ ಒಪ್ಪಿಗೆ ಬರೆದರು.

ಈ ಕೆಲಸ ಆಗದೆ ಸ್ಟ್ಯಾಂಪ್ ಮೇಲೆ ಮುದ್ರಿಸಿಬಿಟ್ಟಿದ್ದರೆ? ತಿರಸ್ಕಾರವಾದ ಗ್ಯಾರಂಟಿಯ ಮೂಲ ಪ್ರತಿಯನ್ನು ಬ್ಯಾಂಕಿಗೆ ಒಪ್ಪಿಸಿ, ರದ್ದು ಮಾಡಿಸಿ, ಮತ್ತೆ ಸ್ಟ್ಯಾಂಪ್ ತಂದು ಹೊಸದು ಮಾಡಿಸಬೇಕು. ರದ್ದಾಗುವವರೆಗೆ ಹಳೆಯದೂ ಹೊಸದೂ ಎರಡೂ ಲಿಮಿಟ್ ತಿನ್ನುತ್ತವೆ. ನಮಗೆ ಅಷ್ಟು ಲಿಮಿಟ್ ಇರಲೇ ಇಲ್ಲ.

24ರಂದು ಎಫ್.ಡಿ. ಆಯಿತು, ಕ್ಲೇಮ್ ಅವಧಿ ಮುಗಿಯುವವರೆಗಿನ ಅವಧಿಗೆ. ಇ-ಸ್ಟ್ಯಾಂಪ್ ತೆಗೆಸುವಾಗ ಮೊದಲ ಪಕ್ಷ ಬ್ಯಾಂಕ್, ಎರಡನೇ ಪಕ್ಷ ಕಾರ್ಯಪಾಲಕ ಇಂಜಿನಿಯರ್ ಅಂತ ಹಾಕಿಸಿದೆವು. ಗ್ಯಾರಂಟಿ ಬ್ಯಾಂಕಿಗೂ ಇಲಾಖೆಗೂ ನಡುವಿನ ಕರಾರು, ನಮ್ಮ ಹೆಸರು ಅಲ್ಲಿ ಪಕ್ಷವಾಗಿ ಬರುವುದಿಲ್ಲ. 26ರಂದು ಇಬ್ಬರು ಅಧಿಕಾರಿಗಳ ಸಹಿಯೊಂದಿಗೆ ಗ್ಯಾರಂಟಿ ಕೈಗೆ ಬಂತು. ಪ್ರತಿ ಪುಟಕ್ಕೂ ಸಹಿ, ಮೊಹರು, ಅಧಿಕಾರಿಗಳ ಸಂಕೇತ ಸಂಖ್ಯೆ ಇದೆಯೇ ನೋಡಿಕೊಂಡೆ.

27ರಂದು ಸಲ್ಲಿಸಿದೆವು. ಆದರೆ ಕಾಗದ ಕೊಟ್ಟರೆ ಸಾಲದು. ನಕಲಿ ಗ್ಯಾರಂಟಿಗಳ ಕಾಟದಿಂದ ಈಗ ಇಲಾಖೆಗಳು ಬ್ಯಾಂಕಿನಿಂದ ನೇರ ಖಾತರಿ ಕೇಳುತ್ತವೆ. ಗ್ಯಾರಂಟಿ ಕೊಟ್ಟ ಬ್ಯಾಂಕು ಎಸ್‌ಎಫ್‌ಎಂಎಸ್ ಎಂಬ ಬ್ಯಾಂಕುಗಳ ನಡುವಿನ ಸಂದೇಶ ವ್ಯವಸ್ಥೆಯಲ್ಲಿ ಫಲಾನುಭವಿಯ ಬ್ಯಾಂಕ್ ಶಾಖೆಗೆ ಒಂದು ಸಂದೇಶ ಕಳಿಸುತ್ತದೆ, ಅದರ ಹೆಸರು `IFN 760COV`. ಪತ್ರದಲ್ಲಿ ಇಲಾಖೆಯ ಐಎಫ್‌ಎಸ್‌ಸಿ ಕೊಟ್ಟದ್ದು ಇದಕ್ಕೇ. ಅದು ತಪ್ಪಾದರೆ ಸಂದೇಶ ಯಾವುದೋ ಶಾಖೆಗೆ ಹೋಗಿ ಕೂರುತ್ತದೆ, ಇಲಾಖೆಗೆ ಕಾಣುವುದಿಲ್ಲ, ನಮ್ಮ ಬ್ಯಾಂಕಿನವರು ಕಳಿಸಿದ್ದೇವೆ ಅನ್ನುತ್ತಾರೆ. ನಾವು ಸಂದೇಶ ಹೋದದ್ದರ ಒಂದು ಪ್ರಿಂಟ್ ತಗೊಂಡು ಗ್ಯಾರಂಟಿಗೆ ಲಗತ್ತಿಸಿ ಕೊಟ್ಟೆವು. 28ಕ್ಕೆ ಖಾತರಿ ಆಯಿತು, ಜುಲೈ 1ಕ್ಕೆ ಕರಾರು ಸಹಿ ಆಯಿತು. ಕಾಗದವೇ ಇಲ್ಲದ ಇ-ಬ್ಯಾಂಕ್ ಗ್ಯಾರಂಟಿ ಎನ್‌ಇಎಸ್‌ಎಲ್ ಎಂಬ ಡಿಜಿಟಲ್ ದಾಖಲೆ ಸಂಸ್ಥೆಯ ಮೂಲಕ 2022ರಿಂದ ಇದೆ, ಸ್ಟ್ಯಾಂಪೂ ಸಹಿಯೂ ಅದರಲ್ಲೇ ಆಗುತ್ತದೆ. ನಮ್ಮ ವಿಭಾಗ ಆಗ ಕಾಗದವನ್ನೇ ಕೇಳಿತ್ತು.

ಮುಚ್ಚಳಿಕೆಯ ಮಾತು ಮುಂದಿನ ವರ್ಷವೇ ಎದುರಿಗೆ ಬಂತು. ಮಳೆ, ಆಮೇಲೆ ನಕ್ಷೆಯ ಬದಲಾವಣೆ, ಕೆಲಸ ಹಿಂದೆ ಬಿತ್ತು. 2025ರ ಜೂನ್ 30ರವರೆಗೆ ಕಾಲ ವಿಸ್ತರಣೆ ಸಿಕ್ಕಿತು, ಗ್ಯಾರಂಟಿ ವಿಸ್ತರಿಸಬೇಕು ಎಂಬ ಷರತ್ತಿನ ಮೇಲೆ. ಯಜಮಾನರು "2027ರವರೆಗೆ ಇದೆಯಲ್ಲ, ಈಗೇನು ಅವಸರ" ಅಂದರು. ಇಂಥದ್ದೇ ಅಸಡ್ಡೆಯಿಂದ ಇನ್ನೊಬ್ಬ ಗಿರಾಕಿಗೆ ಆದದ್ದು ನನಗೆ ಗೊತ್ತಿತ್ತು. ಅವರ ಗ್ಯಾರಂಟಿ ಮುಗಿಯಲು ವಾರ ಇದ್ದಾಗ ಇಲಾಖೆ ಬ್ಯಾಂಕಿಗೆ ನೇರವಾಗಿ ಬರೆದಿತ್ತು: ವಿಸ್ತರಿಸಿ, ಇಲ್ಲವೇ ಈ ಪತ್ರವನ್ನೇ ಬೇಡಿಕೆ ಎಂದು ತಿಳಿದು ಪೂರ್ತಿ ಹಣ ಕೊಡಿ. ಅಂಥ ಪತ್ರ ಬಂದರೆ ಬ್ಯಾಂಕಿಗೆ ಎರಡೇ ದಾರಿ. ಕೋರ್ಟಿಗೆ ಹೋದರೂ ತಡೆ ಸಿಗುವುದು ಬಹಳ ಕಷ್ಟ. ಗ್ಯಾರಂಟಿ ಒಂದು ಸ್ವತಂತ್ರ ಕರಾರು, ಸ್ಪಷ್ಟ ವಂಚನೆ ಅಥವಾ ಸರಿಪಡಿಸಲಾಗದ ಅನ್ಯಾಯ ಇದ್ದರೆ ಮಾತ್ರ ತಡೆ ಎಂಬುದು 1987ರಿಂದಲೂ ಸುಪ್ರೀಂ ಕೋರ್ಟಿನ ನಿಲುವು.

ಯಜಮಾನರು ಒಪ್ಪಿದರು. ಲೆಕ್ಕ ಮತ್ತೆ ಹಾಕಿದೆ. ಮುಕ್ತಾಯ 2025ರ ಜೂನ್ 30, ಹೊಣೆ ಅವಧಿ 2027ರ ಜೂನ್ 30ರವರೆಗೆ, ಮೇಲೆ 30 ದಿನ, ಅಂದರೆ 2027ರ ಜುಲೈ 30. ಕ್ಲೇಮ್ 2028ರ ಜುಲೈ 30. ಬ್ಯಾಂಕಿಗೆ ತಿದ್ದುಪಡಿ ಕೋರಿ ಪತ್ರ ಕೊಟ್ಟೆವು, ಮೂಲ ಗ್ಯಾರಂಟಿಯ ಸಂಖ್ಯೆ, ದಿನಾಂಕ ಹಾಕಿ, "ಉಳಿದ ಷರತ್ತುಗಳಲ್ಲಿ ಬದಲಾವಣೆ ಇಲ್ಲ" ಎಂಬ ಸಾಲಿನೊಂದಿಗೆ. ಒಂದು ತ್ರೈಮಾಸಿಕದ ಕಮಿಷನ್ 5,098 ರೂಪಾಯಿ 50 ಪೈಸೆ, ಜಿ.ಎಸ್.ಟಿ. ಸೇರಿ 6,016 ಆಯಿತು. ಮತ್ತೊಂದು ಇ-ಸ್ಟ್ಯಾಂಪ್, ಎಫ್.ಡಿ. ಅವಧಿಯ ವಿಸ್ತರಣೆ, ಇಲಾಖೆಯ ಬ್ಯಾಂಕಿಗೆ `IFN 767COV` ಸಂದೇಶ. ಈ ಸಲ ಐದು ದಿನದಲ್ಲಿ ಮುಗಿಯಿತು, ಯಾಕೆಂದರೆ ಕರಡು, ಹೆಸರು, ವಿಳಾಸ ಎಲ್ಲಾ ಮೊದಲೇ ಒಪ್ಪಿಗೆಯಾಗಿದ್ದವು.

ಕಟ್ಟಡ ಜೂನ್‌ನಲ್ಲಿ ಹಸ್ತಾಂತರವಾಯಿತು. ಗ್ಯಾರಂಟಿಯ ಮೂಲ ಪ್ರತಿ ವಿಭಾಗ ಕಚೇರಿಯಲ್ಲಿದೆ. ನನ್ನ ಡೈರಿಯಲ್ಲಿ 2027ರ ಜುಲೈ 31ರ ಪುಟದಲ್ಲಿ ಅದನ್ನು ವಾಪಸ್ ಕೇಳುವ ಅರ್ಜಿಯ ಕರಡು ಈಗಲೇ ಮಡಚಿ ಇಟ್ಟಿದ್ದೇನೆ.